ಊರಲ್ಲಿಲ್ಲದಾಗ ಉತ್ತರಿಸುವ ಬಗೆ

2008ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ವಾನ್ಸೀ ನಗರದಲ್ಲಿ ರಸ್ತೆಬದಿಗೆ ಹೊಸ ಫಲಕವೊಂದನ್ನು ನೆಟ್ಟರು. ಭಾರಿ ಸರಕು ವಾಹನಗಳಿಗೆ ಪ್ರವೇಶವಿಲ್ಲ, ಇದು ವಸತಿ ಪ್ರದೇಶ ಎಂದು ಮೇಲುಗಡೆ ಇಂಗ್ಲಿಷಿನಲ್ಲಿ ಬರೆದಿತ್ತು. ಅಲ್ಲಿ ಫಲಕಗಳು ವೆಲ್ಷ್ ಭಾಷೆಯಲ್ಲೂ ಇರಬೇಕು. ಅದರಂತೆ ಕೆಳಗಡೆ ವೆಲ್ಷ್ ಸಾಲುಗಳಿದ್ದವು. ವೆಲ್ಷ್ ಓದಬಲ್ಲವರು ಆ ಸಾಲುಗಳನ್ನು ಓದಿ ನಗತೊಡಗಿದರು. ಅಲ್ಲಿದ್ದದ್ದು ಇಷ್ಟು: ‘ಸದ್ಯ ನಾನು ಕಚೇರಿಯಲ್ಲಿ ಇಲ್ಲ. ಅನುವಾದ ಮಾಡಬೇಕಾದ ಕೆಲಸವಿದ್ದರೆ ಕಳುಹಿಸಿ.’

ನಡೆದದ್ದು ಸರಳ. ನಗರಸಭೆಯ ಅಧಿಕಾರಿಗಳು ಫಲಕದ ಇಂಗ್ಲಿಷ್ ಒಕ್ಕಣೆಯನ್ನು ಇ-ಮೇಲ್ ಮೂಲಕ ತಮ್ಮ ಅನುವಾದಕರಿಗೆ ಕಳುಹಿಸಿದ್ದರು. ಅನುವಾದಕರು ಕಚೇರಿಯಲ್ಲಿರಲಿಲ್ಲ. ಅವರ ಪರವಾಗಿ ಕಂಪ್ಯೂಟರು ತಾನಾಗಿ ಒಂದು ಉತ್ತರ ಕಳುಹಿಸಿತು. ಅದು ಬರಿಯ ವೆಲ್ಷ್ ಭಾಷೆಯಲ್ಲಿತ್ತು. ಆ ಭಾಷೆ ಬಾರದ ಅಧಿಕಾರಿಗಳು ಅದನ್ನೇ ಅನುವಾದವೆಂದು ತಿಳಿದು ಫಲಕಕ್ಕೆ ಬರೆಸಿಬಿಟ್ಟರು. ಆಮೇಲೆ ಫಲಕವನ್ನು ತೆಗೆಯಬೇಕಾಯಿತು.

ಈ ಕಥೆಯನ್ನು ಕೇಳಿ ನಕ್ಕು ಬಿಡಬಹುದು. ಆದರೆ ರಜೆಯ ದಿನಗಳಲ್ಲಿ ಇ-ಮೇಲ್‌ಗೆ ತಾನಾಗಿ ಹೋಗುವ ಉತ್ತರ ಹೇಗಿರಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಆ ಉತ್ತರ ತಾನು ಯಂತ್ರದ ಉತ್ತರವೆಂದು ಓದುವವರಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿಲ್ಲ. ಅನುವಾದಕರು ಯಾವತ್ತು ಮರಳುತ್ತಾರೆಂದೂ ಹೇಳಲಿಲ್ಲ. ಕೆಲಸ ಬೇಗ ಆಗಬೇಕಾದವರು ಯಾರನ್ನು ಕೇಳಬೇಕೆಂದೂ ಹೇಳಲಿಲ್ಲ. ಕಾಲೇಜಿನ ಮೇಷ್ಟ್ರು, ಹಾಸ್ಟೆಲಿನ ವಾರ್ಡನ್, ಪ್ರವೇಶ ವಿಭಾಗದ ಗುಮಾಸ್ತೆ, ಕೆಲಸಕ್ಕೆ ಅರ್ಜಿ ಹಾಕಿ ಊರಿಗೆ ಹೊರಟ ವಿದ್ಯಾರ್ಥಿ, ಹೀಗೆ ಯಾರೇ ಇಂಥ ಉತ್ತರವನ್ನು ಬರೆದಿಟ್ಟು ಹೋಗುವಾಗಲೂ ಈ ಮೂರು ಕೊರತೆಗಳಲ್ಲಿ ಒಂದಾದರೂ ಉಳಿದುಬಿಡುತ್ತದೆ. ಅದರ ಫಲವನ್ನು ಉಣ್ಣುವವರು ಮಾತ್ರ ಆಚೆ ಕಡೆ ಕಾದು ಕುಳಿತವರು.

ಒಬ್ಬ ಉಪನ್ಯಾಸಕಿಯ ಹತ್ತು ದಿನ

ಒಂದು ಉದಾಹರಣೆ ನೋಡೋಣ. ಮಲೆನಾಡಿನ ಒಂದು ಊರು. ಅಲ್ಲಿನ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಉಪನ್ಯಾಸಕಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಅತ್ತೆಯವರಿಗೆ ಶಸ್ತ್ರಚಿಕಿತ್ಸೆ ಆಗಬೇಕಿದೆ. 2024ರ ಡಿಸೆಂಬರ್ 9, ಸೋಮವಾರದಿಂದ 18, ಬುಧವಾರದವರೆಗೆ ಅವರು ರಜೆ ಹಾಕಿದ್ದಾರೆ. ಆ ಹತ್ತು ದಿನ ಅವರು ಮೇಲ್ ತೆರೆದು ನೋಡುವ ಸ್ಥಿತಿಯಲ್ಲಿರುವುದಿಲ್ಲ.

ಈ ಹತ್ತು ದಿನಗಳಲ್ಲಿ ಅವರಿಗೆ ಯಾರು ಬರೆಯಬಹುದು? ವಿದೇಶದಲ್ಲಿ ಎಂ.ಎಸ್. ಓದಲು ಹೊರಟ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿಫಾರಸು ಪತ್ರ ಕೇಳಿ ಬರೆಯಬಹುದು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಅರ್ಜಿಗೆ ಕೊನೆಯ ದಿನ ಡಿಸೆಂಬರ್ 15. ಮಗನ ಹಾಜರಾತಿ ಕಡಿಮೆಯಾಗಿದೆಯೆಂಬ ಸುದ್ದಿ ಕೇಳಿ ಗಾಬರಿಗೊಂಡ ತಂದೆಯೊಬ್ಬರು ಬರೆಯಬಹುದು. ಪ್ರಾಜೆಕ್ಟ್ ವರದಿಯ ಎರಡು ಅಧ್ಯಾಯಗಳನ್ನು ತಿದ್ದಿಕೊಡಿ ಎಂದು ಕೊನೆಯ ವರ್ಷದ ಹುಡುಗರು ಕಳುಹಿಸಬಹುದು. ಪ್ರಾಂಶುಪಾಲರೂ ಬರೆಯಬಹುದು.

ಇವರಲ್ಲಿ ಒಬ್ಬೊಬ್ಬರ ಕೆಲಸವೂ ಬೇರೆ. ಆದರೆ ಉತ್ತರ ಓದುವಾಗ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆಗಳು ಮೂರೇ. ನನ್ನ ಪತ್ರ ತಲುಪಿತೇ? ಅದಕ್ಕೆ ಯಾವತ್ತು ಉತ್ತರ ಬರುತ್ತದೆ? ಅಲ್ಲಿಯವರೆಗೆ ಕಾಯಲಾಗದಿದ್ದರೆ ಏನು ಮಾಡಲಿ? ಈ ಮೂರಕ್ಕೂ ಉತ್ತರವಿದ್ದರೆ ಪತ್ರ ಸರಿಯಾಗಿದೆ ಎಂದರ್ಥ. ಉಳಿದದ್ದೆಲ್ಲ ಅದಕ್ಕೆ ಉಡಿಸುವ ಬಟ್ಟೆ.

ಎರಡು ಕರಡುಗಳು

ಅವಸರದಲ್ಲಿ ಉಪನ್ಯಾಸಕಿ ಮೊದಲು ಬರೆಯುವುದು ಬಹುಶಃ ಹೀಗಿರುತ್ತದೆ:

‘ನಾನು ರಜೆಯಲ್ಲಿದ್ದೇನೆ. ಇ-ಮೇಲ್ ನೋಡಲು ಸೀಮಿತ ಅವಕಾಶವಿದೆ. ತುರ್ತು ಇದ್ದಲ್ಲಿ ಕಚೇರಿಯನ್ನು ಸಂಪರ್ಕಿಸುವುದು. ಅನಾನುಕೂಲತೆಗಾಗಿ ವಿಷಾದಿಸುತ್ತೇನೆ.’

ಇದರಲ್ಲಿ ತಪ್ಪೇನೂ ಇಲ್ಲ ಎನಿಸಬಹುದು. ಆದರೆ ಶಿಫಾರಸು ಪತ್ರಕ್ಕಾಗಿ ಬರೆದ ಹುಡುಗಿಯ ಜಾಗದಲ್ಲಿ ಕುಳಿತು ಓದಬೇಕು. ರಜೆ ಯಾವತ್ತು ಮುಗಿಯುತ್ತದೆ? ಇಲ್ಲಿಲ್ಲ. ‘ಸೀಮಿತ ಅವಕಾಶ’ ಎಂದರೆ ಇಂದು ರಾತ್ರಿ ನೋಡಿದರೂ ನೋಡಬಹುದು ಎಂದೇ ಅವಳು ತಿಳಿಯುತ್ತಾಳೆ. ಬೇಕಾದವರಿಗೆ ಆಸೆ ಹುಟ್ಟಲು ಅಷ್ಟು ಸಾಕು. ಕಾಯುತ್ತಾಳೆ. 12 ಕಳೆಯುತ್ತದೆ, 13 ಕಳೆಯುತ್ತದೆ. ಇನ್ನು ‘ಕಚೇರಿ’ ಎಂದರೆ ಯಾವ ಕಚೇರಿ? ಶುಲ್ಕ ಕಟ್ಟಿಸಿಕೊಳ್ಳುವ ಕಿಟಕಿಯಲ್ಲಿ ಶಿಫಾರಸು ಪತ್ರ ಸಿಗುವುದಿಲ್ಲ. ‘ಅನಾನುಕೂಲತೆಗಾಗಿ ವಿಷಾದಿಸುತ್ತೇನೆ’ ಎಂಬ ಸಾಲಂತೂ ರೈಲು ತಡವಾದಾಗ ನಿಲ್ದಾಣದಲ್ಲಿ ಕೇಳಿಸುವ ಧ್ವನಿ. ಅದನ್ನು ಕೇಳಿ ಯಾರಿಗೂ ಸಮಾಧಾನ ಆದದ್ದಿಲ್ಲ.

ಇದು ತೀರಾ ಒರಟಾಯಿತೆಂದು ಅವರು ಎರಡನೆಯದನ್ನು ಬರೆಯುತ್ತಾರೆ:

‘ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮ ಪತ್ರ ಕಂಡು ತುಂಬಾ ಸಂತೋಷವಾಯಿತು. ಸ್ವಲ್ಪ ದಿನ ಊರಲ್ಲಿ ಇಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಬಿಡುವಾದಾಗಲೆಲ್ಲ ನೋಡುತ್ತಿರುತ್ತೇನೆ. ಆದಷ್ಟು ಬೇಗ ಖಂಡಿತ ಉತ್ತರಿಸುತ್ತೇನೆ.’

ಮಾತು ಬೆಚ್ಚಗಿದೆ. ಆದರೆ ಮೊದಲನೆಯದಕ್ಕಿಂತ ಹೆಚ್ಚು ಹಾನಿ ಮಾಡುವುದು ಇದೇ. ಚಿಕ್ಕ ಊರಿನ ಕ್ಲಿನಿಕ್ಕಿನಲ್ಲಿ ಎರಡು ಬಗೆಯ ಕಾಂಪೌಂಡರುಗಳಿರುತ್ತಾರೆ. ಒಬ್ಬ, ‘ಬನ್ನಿ ಬನ್ನಿ, ಕೂತ್ಕೊಳ್ಳಿ, ಡಾಕ್ಟ್ರು ಇನ್ನೇನು ಬಂದ್ಬಿಡ್ತಾರೆ’ ಎಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸುತ್ತಾನೆ. ಇನ್ನೊಬ್ಬ, ‘ಇವತ್ತು ಡಾಕ್ಟ್ರು ಇಲ್ಲ ಅಮ್ಮ, ನಾಳೆ ಹತ್ತು ಗಂಟೆಗೆ ಸಿಗ್ತಾರೆ. ಮಗುಗೆ ಜ್ವರ ಜಾಸ್ತಿ ಇದ್ರೆ ಸರ್ಕಾರಿ ಆಸ್ಪತ್ರೆಗೆ ಈಗಲೇ ಹೋಗಿ’ ಎನ್ನುತ್ತಾನೆ. ಕೇಳಲು ಹಿತವಾದದ್ದು ಮೊದಲನೆಯವನ ಮಾತು. ಮನೆಗೆ ಹೋಗಿ ನೆನೆಸಿಕೊಳ್ಳುವುದು ಎರಡನೆಯವನನ್ನು.

‘ಪತ್ರ ಕಂಡು ಸಂತೋಷವಾಯಿತು’ ಎಂಬಲ್ಲಿ ಇನ್ನೊಂದು ತೊಡಕಿದೆ. ಅವರು ಪತ್ರವನ್ನು ಕಂಡೇ ಇಲ್ಲ. ಈ ಸಾಲು ಬರೆದಿಟ್ಟ ಮೇಲೆ ಅದು ಯಾವ ಪತ್ರಕ್ಕೆ ಹೋಗುತ್ತದೆ ಎಂಬುದು ಅವರ ಕೈಯಲ್ಲಿ ಇರುವುದಿಲ್ಲ. ‘ನಮ್ಮ ತಂದೆ ತೀರಿಕೊಂಡರು, ಪರೀಕ್ಷೆಗೆ ಬರಲಾಗುವುದಿಲ್ಲ’ ಎಂದು ಒಬ್ಬ ಹುಡುಗ ಬರೆದಿರುತ್ತಾನೆ. ಅರೆಕ್ಷಣದಲ್ಲಿ ಅವನಿಗೆ ‘ತುಂಬಾ ಸಂತೋಷವಾಯಿತು’ ಎಂಬ ಉತ್ತರ ಹೋಗುತ್ತದೆ. ಆದ್ದರಿಂದ ತಾನಾಗಿ ಹೋಗುವ ಉತ್ತರದ ಪ್ರತಿ ಸಾಲನ್ನೂ, ಬರಬಹುದಾದ ಅತ್ಯಂತ ದುಃಖದ ಪತ್ರಕ್ಕೂ ಇದು ಒಪ್ಪುತ್ತದೆಯೇ ಎಂದು ಕೇಳಿ ಒರೆಗೆ ಹಚ್ಚಬೇಕು. ‘ಬರೆದದ್ದಕ್ಕೆ ಧನ್ಯವಾದ’ ಎಂಬುದು ಎಲ್ಲಕ್ಕೂ ಒಪ್ಪುತ್ತದೆ. ಹಾಸ್ಯ, ಸಂಭ್ರಮದ ಉದ್ಗಾರ, ಹಬ್ಬದ ಶುಭಾಶಯ ಒಪ್ಪುವುದಿಲ್ಲ.

‘ಪ್ರೀತಿಯ ವಿದ್ಯಾರ್ಥಿಗಳೇ’ ಎಂಬ ಸಂಬೋಧನೆಯೂ ಅಷ್ಟೇ. ಅದು ಪ್ರಾಂಶುಪಾಲರಿಗೂ ಹೋಗುತ್ತದೆ, ಹುಡುಗನ ತಂದೆಗೂ ಹೋಗುತ್ತದೆ. ಕನ್ನಡದಲ್ಲಿ ಇದಕ್ಕೆ ಸುಲಭ ದಾರಿಯಿದೆ. ಬರಿಯ ‘ನಮಸ್ಕಾರ’ ಎಂದರೆ ಹಿರಿಯರಿಗೂ ಸಲ್ಲುತ್ತದೆ, ಕಿರಿಯರಿಗೂ ಸಲ್ಲುತ್ತದೆ. ಒಳಗೆಲ್ಲ ‘ನೀವು’ ಎಂದು ಬಳಸಿದರೆ ಯಾರ ಮರ್ಯಾದೆಗೂ ಊನವಾಗುವುದಿಲ್ಲ.

ಮರಳುವ ದಿನವೇ ಉತ್ತರದ ದಿನವಲ್ಲ

ಮೂರನೆಯ ಕರಡಿಗೆ ಹೋಗುವ ಮುನ್ನ ಉಪನ್ಯಾಸಕಿ ಒಂದು ಲೆಕ್ಕ ಹಾಕಬೇಕಾಗುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. 19ರಂದು ಮರಳುತ್ತೇನೆ ಎಂದು ಬರೆದರೆ, ಓದಿದವರು 19ರಂದೇ ಉತ್ತರ ಬರುತ್ತದೆಂದು ಎಣಿಸುತ್ತಾರೆ. ಹಾಗೆ ಎಣಿಸುವುದರಲ್ಲಿ ತಪ್ಪಿಲ್ಲ. ಆದರೆ ಆ ದಿನ ಅವರ ಮುಂದೆ ಎಷ್ಟು ಪತ್ರಗಳು ಬಿದ್ದಿರುತ್ತವೆ?

ಸಾಮಾನ್ಯ ದಿನಗಳಲ್ಲಿ ಉತ್ತರಿಸಲೇಬೇಕಾದ ಪತ್ರಗಳು ದಿನಕ್ಕೆ ಸುಮಾರು 6 ಬರುತ್ತವೆ ಎಂದುಕೊಳ್ಳೋಣ. ಹತ್ತು ದಿನಕ್ಕೆ 60. ತರಗತಿಗಳನ್ನು ಮುಗಿಸಿ ದಿನಕ್ಕೆ ಹದಿನೈದನ್ನು ಸರಿಯಾಗಿ ಓದಿ ಉತ್ತರಿಸಬಹುದು. ಅಂದರೆ ನಾಲ್ಕು ಕೆಲಸದ ದಿನಗಳು ಬೇಕು. ಗುರುವಾರ 19, ಶುಕ್ರವಾರ 20, ಶನಿವಾರ 21, ಭಾನುವಾರ ಬಿಟ್ಟು ಸೋಮವಾರ 23. ಹಾಗಾಗಿ ಕೊಡಬೇಕಾದ ಮಾತು 23ರ ಸಂಜೆ. ರಜೆಯ ಕೊನೆಯ ದಿನಕ್ಕೂ ಉತ್ತರದ ದಿನಕ್ಕೂ ನಡುವೆ ಐದು ದಿನಗಳ ಅಂತರವಿದೆ. ಈ ಐದು ದಿನಗಳನ್ನು ಮುಚ್ಚಿಟ್ಟರೆ ಪತ್ರ ನಯವಾಗಿ ಕಂಡೀತು. ಆದರೆ ವಿದ್ಯಾರ್ಥಿನಿಯ ಕೊನೆಯ ದಿನಾಂಕ 20 ಆಗಿದ್ದರೆ, ಮೋಸ ಹೋಗುವವಳು ಅವಳು.

ಎಣಿಕೆಗಿಂತ ಬೇಗ ಉತ್ತರ ಹೋದರೆ ಯಾರೂ ಜಗಳಕ್ಕೆ ಬರುವುದಿಲ್ಲ. ತಡವಾದರೆ ಬರುತ್ತಾರೆ. ಆದ್ದರಿಂದ ದಿನಾಂಕವನ್ನು ಹಿಂದಕ್ಕೆ ಎಳೆಯುವುದಕ್ಕಿಂತ ಒಂದು ದಿನ ಮುಂದಕ್ಕೆ ಇಡುವುದೇ ಲೇಸು. ಹಾಗೆಯೇ ‘ಮುಂದಿನ ಸೋಮವಾರ’ ಎಂದು ಬರೆಯಕೂಡದು. ಪತ್ರ 9ರಂದು ಬಂದವರಿಗೂ 18ರಂದು ಬಂದವರಿಗೂ ಅದೇ ಸಾಲು ಹೋಗುತ್ತದೆ. ‘ಮುಂದಿನ ಸೋಮವಾರ’ ಒಬ್ಬರಿಗೆ 16, ಇನ್ನೊಬ್ಬರಿಗೆ 23. ದಿನಾಂಕ ಮತ್ತು ವಾರ ಎರಡನ್ನೂ ಬರೆದರೆ ಗೊಂದಲವಿರುವುದಿಲ್ಲ.

ಮೂರನೆಯ ಕರಡು

ಈಗ ಬರೆದದ್ದು ಹೀಗಿದೆ:

‘ವಿಷಯ: ತಾನಾಗಿ ಬರುವ ಉತ್ತರ. ಡಿ. 18ರವರೆಗೆ ರಜೆ; ನನ್ನ ಉತ್ತರ ಡಿ. 23ರೊಳಗೆ

ನಮಸ್ಕಾರ. ನಿಮ್ಮ ಪತ್ರ ತಲುಪಿದೆ. ಬರೆದದ್ದಕ್ಕೆ ಧನ್ಯವಾದ. ಇದು ಕಂಪ್ಯೂಟರು ತಾನಾಗಿ ಕಳುಹಿಸುತ್ತಿರುವ ಉತ್ತರ. ಪತ್ರವನ್ನು ನಾನಿನ್ನೂ ಓದಿಲ್ಲ. (ಇದೇ ಒಕ್ಕಣೆ ಕೆಳಗೆ ಇಂಗ್ಲಿಷಿನಲ್ಲೂ ಇದೆ.)

ಡಿಸೆಂಬರ್ 9ರಿಂದ 18ರವರೆಗೆ ರಜೆಯಲ್ಲಿದ್ದೇನೆ. ಈ ದಿನಗಳಲ್ಲಿ ಮೇಲ್ ನೋಡುವುದಿಲ್ಲ. 19, ಗುರುವಾರ ಕೆಲಸಕ್ಕೆ ಮರಳಿ, ಬಂದ ಕ್ರಮದಲ್ಲೇ ಪತ್ರಗಳನ್ನು ಓದುತ್ತೇನೆ. ನಿಮಗೆ ಉತ್ತರ 23, ಸೋಮವಾರ ಸಂಜೆಯೊಳಗೆ ಬರುತ್ತದೆ. ಮತ್ತೊಮ್ಮೆ ಬರೆಯಬೇಕಾಗಿಲ್ಲ.

ಅಲ್ಲಿಯವರೆಗೆ ಕಾಯಲಾಗದಿದ್ದರೆ: ಶಿಫಾರಸು ಪತ್ರಕ್ಕೆ ವಿಭಾಗದ ಮುಖ್ಯಸ್ಥರಿಗೆ ಬರೆಯಿರಿ. ಕೊನೆಯ ದಿನಾಂಕವನ್ನು ಮೊದಲ ಸಾಲಿನಲ್ಲೇ ತಿಳಿಸಿ. ಹಾಜರಾತಿ ಮತ್ತು ಅಂಕಗಳ ವಿಚಾರಕ್ಕೆ ಕಾಲೇಜು ಕಚೇರಿಗೆ ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ ಫೋನ್ ಮಾಡಿ. ಇಬ್ಬರಿಗೂ ವಿಷಯ ತಿಳಿಸಿದ್ದೇನೆ.

ಪ್ರಾಜೆಕ್ಟ್ ತಂಡದವರು ಅಧ್ಯಾಯಗಳನ್ನು ಕಳುಹಿಸಿಡಿ. 23ರ ತನಕ ಮುಂದಿನ ಅಧ್ಯಾಯದ ಕೆಲಸ ನಡೆಯಲಿ.’

ಕೆಳಗೆ ಹೆಸರು, ವಿಭಾಗ. ಮುಖ್ಯಸ್ಥರ ವಿಳಾಸವನ್ನೂ ಕಚೇರಿಯ ಫೋನ್ ಸಂಖ್ಯೆಯನ್ನೂ ಆಯಾ ಸಾಲಿನಲ್ಲೇ ಪೂರ್ತಿಯಾಗಿ ಕೊಡಬೇಕು, ಹುಡುಕಿಕೊಳ್ಳಲಿ ಎಂದು ಬಿಡಬಾರದು.

ಇದರಲ್ಲಿ ಬೆಚ್ಚನೆಯ ಪದಗಳು ಎರಡನೆಯ ಕರಡಿಗಿಂತ ಕಡಿಮೆ. ಆದರೂ ಇದು ಹೆಚ್ಚು ಆತ್ಮೀಯವಾಗಿ ಕೇಳಿಸುತ್ತದೆ. ‘ನಿಮ್ಮ ಪತ್ರ ತಲುಪಿದೆ’ ಎಂಬ ಮೂರು ಪದ ಒಂದು ಆತಂಕವನ್ನು ಇಳಿಸುತ್ತದೆ. ‘ಬಂದ ಕ್ರಮದಲ್ಲೇ’ ಎಂಬುದು ತನ್ನ ಸರದಿ ತಪ್ಪುವುದಿಲ್ಲವೆಂದು ಹೇಳುತ್ತದೆ. ‘ಮತ್ತೊಮ್ಮೆ ಬರೆಯಬೇಕಾಗಿಲ್ಲ’ ಎಂಬುದು ನೆನಪಿಸುವ ಸಂಕೋಚದಿಂದ ಬಿಡಿಸುತ್ತದೆ. ‘ಇಬ್ಬರಿಗೂ ವಿಷಯ ತಿಳಿಸಿದ್ದೇನೆ’ ಎಂಬ ಸಾಲು ಹಿಂದೆ ಒಂದು ಕೆಲಸ ನಡೆದಿದೆಯೆಂದು ತೋರಿಸುತ್ತದೆ. ಆ ಕೆಲಸ ನಿಜವಾಗಿ ನಡೆದಿರಬೇಕು ಎಂಬುದನ್ನು ಹೇಳಬೇಕಿಲ್ಲ. ಕೇಳದೆ ಸಹೋದ್ಯೋಗಿಯ ಹೆಸರು ಬರೆದುಹೋದರೆ ಅವರು ‘ನನಗೇನೂ ಗೊತ್ತಿಲ್ಲಮ್ಮ’ ಎಂದು ಕೈಯಾಡಿಸುತ್ತಾರೆ. ಆಗ ಪತ್ರದ ಬೆಚ್ಚಗಿನ ಮಾತುಗಳೆಲ್ಲ ತಣ್ಣಗಾಗುತ್ತವೆ.

ಅತ್ತೆಯವರ ಶಸ್ತ್ರಚಿಕಿತ್ಸೆಯ ವಿಚಾರ ಇಲ್ಲಿ ಬಂದಿಲ್ಲ. ಬರಬೇಕಾಗಿಯೂ ಇಲ್ಲ. ಕಾರಣ ಹೇಳಿದರೆ ಜನ ಅರ್ಥಮಾಡಿಕೊಳ್ಳುತ್ತಾರೆಂದು ಅನಿಸಬಹುದು. ಆದರೆ ಈ ಉತ್ತರ ಹೋಗುವುದು ಗೊತ್ತಿದ್ದವರಿಗೆ ಮಾತ್ರ ಅಲ್ಲ. ವಿಳಾಸ ಸಿಕ್ಕ ಯಾರಿಗೆ ಬೇಕಾದರೂ ಹೋಗುತ್ತದೆ. ಮನೆಮಂದಿಯೆಲ್ಲ ಯಾವ ಊರಿನ ಯಾವ ಆಸ್ಪತ್ರೆಯಲ್ಲಿದ್ದಾರೆ, ಮನೆ ಎಷ್ಟು ದಿನ ಬೀಗ ಹಾಕಿರುತ್ತದೆ ಎಂಬುದನ್ನು ಬೀದಿಯಲ್ಲಿ ಬರೆದು ಅಂಟಿಸುವವರಿಲ್ಲ. ಸ್ವಂತ ಮೊಬೈಲ್ ಸಂಖ್ಯೆಗೂ ಇದೇ ಮಾತು.

ಎರಡು ಭಾಷೆಯಲ್ಲಿ ಬರೆದದ್ದು ಸ್ವಾನ್ಸೀಯ ಫಲಕ ಕಲಿಸಿದ ಪಾಠ. ಮಗನ ಫೋನಿನಿಂದ ಬರೆಯುವ ತಂದೆಗೆ ಕನ್ನಡ ಬೇಕು. ಹೊರ ರಾಜ್ಯದ ವಿಶ್ವವಿದ್ಯಾಲಯದ ಗುಮಾಸ್ತರಿಗೆ ಇಂಗ್ಲಿಷ್ ಬೇಕು. ಎರಡರಲ್ಲೂ ದಿನಾಂಕಗಳು ಒಂದೇ ಇವೆಯೇ ಎಂದು ಕೊನೆಗೊಮ್ಮೆ ಹೋಲಿಸಿ ನೋಡಬೇಕು. ರಜೆ ಒಂದು ದಿನ ಹೆಚ್ಚಾದಾಗ ಒಂದು ಭಾಷೆಯಲ್ಲಿ ತಿದ್ದಿ ಇನ್ನೊಂದನ್ನು ಮರೆಯುವುದು ಮಾಮೂಲು.

ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಇಂಥ ಉತ್ತರಗಳ ವ್ಯವಸ್ಥೆ ಇಂದು ನಿನ್ನೆಯದಲ್ಲ. ಅಮೆರಿಕದ ಬರ್ಕ್‌ಲಿಯಲ್ಲಿ ಎರಿಕ್ ಆಲ್‌ಮನ್ 1980ರ ದಶಕದಲ್ಲೇ ಯುನಿಕ್ಸ್ ಕಂಪ್ಯೂಟರುಗಳಿಗಾಗಿ vacation ಎಂಬ ಪುಟ್ಟ ಪ್ರೋಗ್ರಾಂ ಬರೆದಿದ್ದರು. ಆಗಲೇ ಒಂದು ಅಪಾಯ ಗೊತ್ತಿತ್ತು. ರಜೆಯಲ್ಲಿರುವ ಒಬ್ಬರ ಯಂತ್ರ, ರಜೆಯಲ್ಲಿರುವ ಇನ್ನೊಬ್ಬರ ಯಂತ್ರಕ್ಕೆ ಉತ್ತರಿಸಿದರೆ ಅದು ಮತ್ತೆ ಇದಕ್ಕೆ ಉತ್ತರಿಸುತ್ತದೆ. ಇಬ್ಬರೂ ಊರಿಂದ ಬರುವಷ್ಟರಲ್ಲಿ ಸಾವಿರಾರು ಪತ್ರಗಳು ತುಂಬಿರುತ್ತವೆ. ಇದನ್ನು ತಡೆಯಲು ಯಾರಿಗೆಲ್ಲ ಉತ್ತರ ಹೋಗಿದೆ ಎಂದು ಯಂತ್ರ ಪಟ್ಟಿ ಇಟ್ಟುಕೊಳ್ಳುತ್ತದೆ. ಒಬ್ಬರಿಗೆ ಒಮ್ಮೆ ಹೋದರೆ ಕೆಲವು ದಿನ ಮತ್ತೆ ಕಳುಹಿಸುವುದಿಲ್ಲ. ಇದು ಯಂತ್ರದ ಉತ್ತರ ಎಂದು ತಿಳಿಸುವ ಗುರುತನ್ನು ಪತ್ರದ ತಲೆಭಾಗದಲ್ಲಿ ಇಡುವ ಕ್ರಮವನ್ನು 2004ರಲ್ಲಿ RFC 3834 ಎಂಬ ದಾಖಲೆ ಗೊತ್ತುಮಾಡಿತು.

ಜಿಮೇಲ್ ಬಳಸುವವರಿಗೆ ಕೆಲಸ ಸುಲಭ. ಕಂಪ್ಯೂಟರಿನಲ್ಲಿ ಮೇಲ್ಭಾಗದ ಹಲ್ಲುಚಕ್ರದ ಗುರುತನ್ನು ಒತ್ತಿ See all settings ಆರಿಸಬೇಕು. General ಪುಟದ ಕೆಳತುದಿಯಲ್ಲಿ Vacation responder ಇರುತ್ತದೆ. First day ಮತ್ತು Last day ತುಂಬಿ, ವಿಷಯ ಮತ್ತು ಒಕ್ಕಣೆ ಬರೆದು Save Changes ಒತ್ತಿದರೆ ಮುಗಿಯಿತು. ಮೊದಲ ದಿನದ ನಡುರಾತ್ರಿ 12ಕ್ಕೆ ಅದು ಶುರುವಾಗಿ ಕೊನೆಯ ದಿನದ ರಾತ್ರಿ 11.59ಕ್ಕೆ ನಿಲ್ಲುತ್ತದೆ. Last day ತುಂಬದಿದ್ದರೆ ತಾನಾಗಿ ನಿಲ್ಲುವುದಿಲ್ಲ. ಸಂಕ್ರಾಂತಿಗೂ ‘ಡಿಸೆಂಬರ್ 18ರವರೆಗೆ ರಜೆ’ ಎಂದು ಹೋಗುತ್ತಿರುತ್ತದೆ. ಅದು ಚಾಲ್ತಿಯಲ್ಲಿದೆಯೇ ಎಂದು ತಿಳಿಯಲು ಮೇಲ್ ಪುಟದ ನೆತ್ತಿಯನ್ನು ನೋಡಿದರೆ ಸಾಕು. ಅಲ್ಲೊಂದು ಪಟ್ಟಿ ಕಾಣುತ್ತದೆ, ಅದರಲ್ಲಿ End now ಎಂದಿರುತ್ತದೆ.

ಅದೇ ಜಾಗದಲ್ಲಿ, ತನ್ನ ವಿಳಾಸಪಟ್ಟಿಯಲ್ಲಿ ಇರುವವರಿಗೆ ಮಾತ್ರ ಉತ್ತರ ಹೋಗಲಿ ಎನ್ನುವ ಚೌಕವೊಂದಿದೆ. ಮನೆಯ ಸ್ವಂತ ಮೇಲ್‌ಗೆ ಅದು ಒಳ್ಳೆಯದು. ಆದರೆ ಉಪನ್ಯಾಸಕಿ ಅದನ್ನು ಗುರುತು ಹಾಕಿದರೆ, ಮೊದಲ ಸಲ ಬರೆಯುತ್ತಿರುವ ತಂದೆಗೆ ಏನೂ ಹೋಗುವುದಿಲ್ಲ. ಔಟ್‌ಲುಕ್ ಬಳಸುವ ಸಂಸ್ಥೆಗಳಲ್ಲಿ ಒಳಗಿನವರಿಗೊಂದು, ಹೊರಗಿನವರಿಗೊಂದು ಎಂದು ಎರಡು ಒಕ್ಕಣೆ ಬರೆಯಲು ಅವಕಾಶವಿರುತ್ತದೆ. ಒಳಗಿನದನ್ನು ಮಾತ್ರ ಬರೆದು ಹೋದರೆ ವಿದ್ಯಾರ್ಥಿಗಳ ಪೋಷಕರು ಮತ್ತೆ ಹೊರಗೇ ಉಳಿಯುತ್ತಾರೆ.

ಉತ್ತರ ಒಮ್ಮೆ ಮಾತ್ರ ಹೋಗುತ್ತದೆ ಎಂಬುದರ ಪರಿಣಾಮವನ್ನೂ ಗಮನಿಸಬೇಕು. ಜಿಮೇಲ್‌ನಲ್ಲಿ ಒಬ್ಬರಿಗೆ ಒಮ್ಮೆ ಉತ್ತರ ಹೋದ ಮೇಲೆ, ಅವರು ನಾಲ್ಕು ದಿನ ಕಳೆದು ಬರೆದರೆ ಮಾತ್ರ ಮತ್ತೆ ಹೋಗುತ್ತದೆ. ವಿದ್ಯಾರ್ಥಿನಿ 9ರಂದು ಬರೆಯುತ್ತಾಳೆ, ಉತ್ತರ ಬರುತ್ತದೆ. 11ರಂದು ಮತ್ತೆ ಬರೆಯುತ್ತಾಳೆ, ಏನೂ ಬರುವುದಿಲ್ಲ. ‘ಹಾಗಾದರೆ ಮೇಡಂ ಈಗ ಬಂದಿರಬೇಕು, ನನ್ನ ಪತ್ರ ನೋಡಿ ಸುಮ್ಮನಿದ್ದಾರೆ’ ಎಂದು ಅವಳು ಕೊರಗಬಹುದು. ಆದ್ದರಿಂದ ಮೊದಲ ಉತ್ತರದಲ್ಲೇ ಎಲ್ಲವೂ ಇರಬೇಕು.

ಉತ್ತರ ತಲುಪದ ಜಾಗ

ಎಲ್ಲಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಶಿಫಾರಸು ಪತ್ರಗಳ ವಿಷಯದಲ್ಲಿ ಅದು ಕಹಿಯಾಗಬಲ್ಲದು. ವಿದೇಶಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ವಿದ್ಯಾರ್ಥಿನಿ ಉಪನ್ಯಾಸಕಿಯ ಹೆಸರು, ವಿಳಾಸ ತುಂಬುತ್ತಾಳೆ. ಆಗ ಉಪನ್ಯಾಸಕಿಗೆ ಪತ್ರ ಬರೆಯುವುದು ಅವಳಲ್ಲ, ವಿಶ್ವವಿದ್ಯಾಲಯದ ಯಂತ್ರ. ಸಾಮಾನ್ಯವಾಗಿ ಅದು ಮರು ಉತ್ತರ ಓದುವವರಿಲ್ಲದ ವಿಳಾಸದಿಂದ ಬರುತ್ತದೆ. ರಜೆಯ ಉತ್ತರ ಎಷ್ಟೇ ಚೆನ್ನಾಗಿದ್ದರೂ ಅದು ಹೋಗುವುದು ಆ ಯಂತ್ರಕ್ಕೆ. ವಿದ್ಯಾರ್ಥಿನಿಗೆ ಸುಳಿವೇ ಸಿಗುವುದಿಲ್ಲ. ಕೋರಿಕೆ ಹೋಗಿದೆ ಎಂದು ಅವಳ ಪರದೆ ತೋರಿಸುತ್ತದೆ. 15ನೇ ತಾರೀಖು ನಿಶ್ಶಬ್ದವಾಗಿ ಕಳೆದುಹೋಗುತ್ತದೆ.

ಇದಕ್ಕೆ ಒಕ್ಕಣೆಯಲ್ಲಿ ಮದ್ದಿಲ್ಲ. ಮದ್ದಿರುವುದು ಹೊರಡುವ ಮುನ್ನಿನ ವಾರದಲ್ಲಿ. ತಮ್ಮಿಂದ ಪತ್ರ ಬೇಕಾಗಬಹುದಾದ ನಾಲ್ಕೈದು ಮಂದಿ ಯಾರೆಂದು ಉಪನ್ಯಾಸಕಿಗೆ ಗೊತ್ತಿರುತ್ತದೆ. ‘9ರಿಂದ ನಾನಿರುವುದಿಲ್ಲ. 15ರೊಳಗೆ ಶಿಫಾರಸು ಬೇಕಿದ್ದರೆ 6ರ ಶುಕ್ರವಾರದೊಳಗೆ ಕೋರಿಕೆ ಕಳುಹಿಸು’ ಎಂದು ಅವರಿಗೆ ಎರಡು ಸಾಲು ಮೊದಲೇ ಬರೆದರೆ ಆಯಿತು. ವಿಭಾಗದ ಮುಖ್ಯಸ್ಥರು ಪತ್ರ ಕೊಡಬಹುದು, ನಿಜ. ಆದರೆ ಪ್ರಯೋಗಾಲಯದಲ್ಲಿ ಹುಡುಗಿಯ ಕೆಲಸವನ್ನು ಎರಡು ವರ್ಷ ಕಂಡವರ ಪತ್ರದ ತೂಕ ಅದಕ್ಕೆ ಬರಲಾರದು.

ವಿದ್ಯಾರ್ಥಿಗಳ ಪಾಲಿಗೂ ಒಂದಿಷ್ಟು ಕೆಲಸ ಉಳಿಯುತ್ತದೆ. ಶಿಫಾರಸು ಕೇಳುವಾಗ ಯಂತ್ರದ ಕೋರಿಕೆಯ ಜೊತೆಗೆ ತಾವೇ ಒಂದು ಪತ್ರ ಬರೆದರೆ, ರಜೆಯ ಉತ್ತರವಿದ್ದರೆ ಅದು ತಮಗೇ ಬರುತ್ತದೆ. ಬಂದ ಉತ್ತರದಲ್ಲಿ ನೋಡಬೇಕಾದದ್ದು ಒಂದೇ: ಉತ್ತರದ ದಿನ ತಮ್ಮ ಕೊನೆಯ ದಿನಕ್ಕಿಂತ ಮುಂಚೆಯೋ ಆಮೇಲೋ? ಮುಂಚೆಯಿದ್ದರೆ ಸುಮ್ಮನಿರಬೇಕು. ಆಮೇಲಿದ್ದರೆ ಅಂದೇ ಬದಲಿ ವಿಳಾಸಕ್ಕೆ ಬರೆಯಬೇಕು. 23 ಕಳೆದೂ ಉತ್ತರ ಬರದಿದ್ದರೆ 24ರಂದು ಅದೇ ಪತ್ರದ ಕೆಳಗೆ ವಿನಯದಿಂದ ನೆನಪಿಸಿದರೆ ತಪ್ಪಿಲ್ಲ. ಮಾತು ಕೊಟ್ಟವರಿಗೆ ನೆನಪಿಸುವುದು ಸುಲಭ. ‘ಆದಷ್ಟು ಬೇಗ’ ಎಂದವರಿಗೆ ಯಾವತ್ತು ನೆನಪಿಸಬೇಕೆಂದು ಗೊತ್ತಾಗುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಉಪನ್ಯಾಸಕಿಗೆ ಉಳಿದಿರುವುದು ಐದು ನಿಮಿಷದ ಕೆಲಸ. First day ಜಾಗದಲ್ಲಿ ಆ ದಿನದ ತಾರೀಖನ್ನೇ ಹಾಕಿ ಉತ್ತರವನ್ನು ಚಾಲ್ತಿ ಮಾಡುವುದು, ಮಗಳ ಮೇಲ್‌ನಿಂದ ತಮಗೊಂದು ಪತ್ರ ಕಳುಹಿಸುವುದು, ಬಂದ ಉತ್ತರವನ್ನು ಮಗಳ ಫೋನಿನಲ್ಲಿ ಓದುವುದು. ಫೋನಿನ ಪರದೆಯಲ್ಲಿ ತೆರೆಯದೆಯೇ ಕಾಣುವುದು ವಿಷಯ ಮತ್ತು ಮೊದಲ ಸಾಲು ಮಾತ್ರ. ಅಷ್ಟರಲ್ಲೇ ‘ತಾನಾಗಿ ಬರುವ ಉತ್ತರ’ ಎಂಬುದೂ ‘ಡಿ. 23’ ಎಂಬುದೂ ಕಂಡರೆ ಸಾಕು. ಆಮೇಲೆ ಕಂಪ್ಯೂಟರು ಮುಚ್ಚಿ ಆಸ್ಪತ್ರೆಯ ಚೀಲ ತುಂಬಿಕೊಳ್ಳಬಹುದು.